34 ಪುಟಗಳ ಕೆಳಗೆ ಹೂತುಹೋದ ಒಂದು ಪದ

ಪ್ರಶ್ನೆ: ನಾನು ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಎರಡನೇ ವರ್ಷದಲ್ಲಿದ್ದೇನೆ. ವಿಷಯ ‘ಕೋಲಾರ ಸೀಮೆಯ ಶಾಸನಗಳಲ್ಲಿ ಕೆರೆಗಳ ನಿರ್ವಹಣೆ’. ಬೇರೊಂದು ವಿಶ್ವವಿದ್ಯಾಲಯದ ಶಾಸನತಜ್ಞರೊಬ್ಬರ ಭೇಟಿಗೆ ಸಮಯ ಕೋರಿ ಮೂರು ಸಲ ಇಮೇಲ್ ಕಳಿಸಿದೆ, 34 ಪುಟಗಳ ಸಿನಾಪ್ಸಿಸ್ ಲಗತ್ತಿಸಿದೆ. ಪತ್ರದ ಮಾದರಿ ಕೊಟ್ಟವರು ನಮ್ಮ ವಿಭಾಗದ ಸೀನಿಯರ್ ಅಣ್ಣ. ಗೊತ್ತಿಲ್ಲದ್ದನ್ನು ಪತ್ರದಲ್ಲಿ ಬರೆಯಬೇಡ, ದಡ್ಡಿ ಅಂದುಕೊಳ್ಳುತ್ತಾರೆ ಎಂದರು. ಉತ್ತರವೇ ಬರಲಿಲ್ಲ. ಗೈಡ್ ಮೇಡಂಗೆ ಇನ್ನೂ ಹೇಳಿಲ್ಲ. ಅಂದಹಾಗೆ, ‘ಬಿತ್ತುವಟ್ಟ’ ಎಂಬ ಪದದ ಹತ್ತಿರ ಸಿಕ್ಕಿಕೊಂಡು ಎರಡು ತಿಂಗಳಿಂದ ಅಧ್ಯಾಯವೂ ನಿಂತಿದೆ. ನೇರವಾಗಿ ಹೋಗಿ ಅವರ ಬಾಗಿಲಲ್ಲಿ ನಿಲ್ಲಲೇ, ಅಥವಾ ಈ ಆಸೆಯನ್ನೇ ಬಿಡಲೇ?

ಉತ್ತರ: ಎರಡೂ ಬೇಡ. ಭೇಟಿಗೆ ಬೇಕಾದ ಕಾರಣ ನಿಮ್ಮ ಕೈಯಲ್ಲೇ ಇದೆ. ಅದನ್ನು ನನಗೆ ಬರೆದ ಪತ್ರದಲ್ಲಿ ‘ಅಂದಹಾಗೆ’ ಎಂದು ಶುರುಮಾಡಿ ಒಂದೇ ವಾಕ್ಯದಲ್ಲಿ ದಾಟಿಸಿದ್ದೀರಿ, ಪ್ರಾಧ್ಯಾಪಕರಿಗೆ ಬರೆದ ಮೂರು ಪತ್ರಗಳಲ್ಲಿ ಅದರ ಸುಳಿವೂ ಇಲ್ಲ. ನೀವು ಜೊತೆಗೆ ಕಳಿಸಿದ ಆ ಪತ್ರಗಳನ್ನು ನಾನು ಓದಿದೆ. ಅವುಗಳಲ್ಲಿ ‘ತಮ್ಮ ಅಮೂಲ್ಯ ಮಾರ್ಗದರ್ಶನ’ ಎಂಬ ಮಾತು ನಾಲ್ಕು ಬಾರಿ ಬಂದಿದೆ, ಬಿತ್ತುವಟ್ಟ ಒಮ್ಮೆಯೂ ಬಂದಿಲ್ಲ.

ನನ್ನ ಕೋಪ ಇರುವುದು ಆ ಸೀನಿಯರ್ ಮೇಲೆ. ಕಿರಿಯರಿಗೆ ಸಹಾಯ ಮಾಡುವ ಒಳ್ಳೆಯ ಮನಸ್ಸೇ ಇರಬಹುದು, ಆದರೆ ಗೊತ್ತಿಲ್ಲದ್ದನ್ನು ಮುಚ್ಚಿಡು ಎಂದು ಸಂಶೋಧನೆ ಮಾಡುವವರಿಗೆ ಹೇಳಿಕೊಡುವುದು ದೊಡ್ಡ ಅಪಕಾರ. ಉತ್ತರಿಸದ ಪ್ರಾಧ್ಯಾಪಕರನ್ನು ನಾನು ಅಷ್ಟಾಗಿ ದೂರಲಾರೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಇಂತಹ ದಪ್ಪ ಲಗತ್ತುಗಳನ್ನು ರಜೆಯಲ್ಲಿ ಓದೋಣವೆಂದು ನಾನೂ ಎತ್ತಿಟ್ಟಿದ್ದೇನೆ, ರಜೆ ಬಂದರೂ ಓದಿಲ್ಲ. 34 ಪುಟ ಓದಿ, ಇವರಿಗೆ ಎಲ್ಲಿ ಸಹಾಯ ಬೇಕಾಗಿದೆ ಎಂದು ತಾನೇ ಹುಡುಕಿಕೊಳ್ಳಬೇಕಾದ ಪತ್ರಕ್ಕೆ ಯಾರೂ ಬೇಗ ಉತ್ತರಿಸುವುದಿಲ್ಲ. ಪತ್ರವೊಂದನ್ನು ನಿಂತುಕೊಂಡೇ ಓದಿ ಮುಗಿಸುವಂತಿರಬೇಕು ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ.

ಈಗ ನಿಮ್ಮ ಪದಕ್ಕೆ ಬರೋಣ, ಏಕೆಂದರೆ ಪತ್ರ ಹುಟ್ಟಬೇಕಾದದ್ದು ಅಲ್ಲಿಂದ. ಕೆರೆ ಕಟ್ಟಿಸಿದವರಿಗೆ ಅಥವಾ ಅದರ ದುರಸ್ತಿಗೆ ಬಿಟ್ಟುಕೊಟ್ಟದ್ದನ್ನು ಬಿತ್ತುವಟ್ಟ ಎನ್ನುತ್ತಾರೆ ಎಂಬಲ್ಲಿಯವರೆಗೆ ತೊಡಕಿಲ್ಲ. ಬಿಟ್ಟುಕೊಟ್ಟದ್ದು ನೆಲವೋ ಬೆಳೆಯ ಪಾಲೋ ಎಂಬಲ್ಲಿ ತೊಡಕು ಶುರುವಾಗುತ್ತದೆ. ನೀವು ಸಿಕ್ಕಿಕೊಂಡಿರುವುದಕ್ಕೆ ನಿಮ್ಮ ದಡ್ಡತನ ಕಾರಣವಲ್ಲ, ಅಳತೆಯ ಮಾನವೇ ಕಾರಣ. ಖಂಡುಗ ಎಂಬುದು ಧಾನ್ಯ ಅಳೆಯುವ ಮಾನ, 20 ಕೊಳಗ ಸೇರಿದರೆ ಒಂದು ಖಂಡುಗ. ಅಷ್ಟು ಬೀಜವನ್ನು ಬಿತ್ತಲು ಬೇಕಾಗುವ ನೆಲಕ್ಕೂ ಅದೇ ಹೆಸರು ಸಲ್ಲುತ್ತದೆ. ಹಳೇ ಮೈಸೂರು ಕಡೆಯ ಹಿರಿಯರು ‘ಐದು ಕೊಳಗದ ಗದ್ದೆ’ ಎನ್ನುವಾಗ ಅಳೆಯುತ್ತಿರುವುದು ನೆಲವನ್ನು, ಅಳತೆಯ ಹೆಸರು ಮಾತ್ರ ಬೀಜದ್ದು. ಆದ್ದರಿಂದ ಶಾಸನದಲ್ಲಿ ಸಂಖ್ಯೆಯ ಮುಂದೆ ಗದ್ದೆ (ಹಳೆಯ ರೂಪದಲ್ಲಿ ಗೞ್ದೆ ಎಂದೂ ಬರುತ್ತದೆ) ಅಥವಾ ಮಣ್ಣು ಎಂದಿದ್ದರೆ ಕೊಟ್ಟದ್ದು ನೆಲ, ನೆಲ್ಲು ಅಥವಾ ಭತ್ತ ಎಂದಿದ್ದರೆ ಧಾನ್ಯ. ಕಲ್ಲಿನ ಅಂಚು ಒಡೆದು ಬರೀ ಸಂಖ್ಯೆ ಮತ್ತು ಖಂಡುಗ ಉಳಿದಿದ್ದರೆ ಎರಡೂ ಸಾಧ್ಯ. ನಿಮ್ಮ ಟಿಪ್ಪಣಿಯ ಪ್ರಕಾರ ಬಿತ್ತುವಟ್ಟ ಬರುವ 14 ಶಾಸನಗಳಲ್ಲಿ 9 ಮೊದಲ ಬಗೆಯವು, 2 ಎರಡನೆಯ ಬಗೆಯವು, 3 ಹೀಗೆ ತುಂಡಾದವು. ಇಷ್ಟು ವಿಂಗಡಿಸಿ ಇಟ್ಟುಕೊಂಡವರು ತಮಗೇನೂ ಗೊತ್ತಿಲ್ಲವೆಂದು ಅಂಜುವುದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಯಿತು.

ಈ 3 ಶಾಸನಗಳನ್ನು ಹೇಗೆ ಓದುತ್ತೀರಿ ಎಂಬುದರ ಮೇಲೆ ನಿಮ್ಮ ಅಧ್ಯಾಯದ ವಾದ ನಿಂತಿದೆ. ಕೆರೆಯ ಕೆಳಗಿನ ನೆಲವನ್ನೇ ಕೊಟ್ಟಿದ್ದರೆ, ಏರಿ ಒಡೆದಾಗ ಮೊದಲು ಒಣಗುವುದು ದುರಸ್ತಿ ಮಾಡಬೇಕಾದವನ ಗದ್ದೆ, ಹಾಗಾಗಿ ಏರಿಯನ್ನು ಕಾಯುವುದು ಅವನ ಸ್ವಂತ ಹಿತವೂ ಆಗುತ್ತದೆ. ಗೊತ್ತುಮಾಡಿದ ಇಷ್ಟು ಖಂಡುಗ ಭತ್ತವೆಂದಾದರೆ, ಮಳೆ ಕೈಕೊಟ್ಟ ವರ್ಷದಲ್ಲೂ ಹೊರೆ ಬೀಳುವುದು ಊರಿನ ಒಕ್ಕಲಿನ ಮೇಲೆ. ಒಂದೇ ಪದದ ಹಿಂದೆ ಎರಡು ಬೇರೆ ವ್ಯವಸ್ಥೆಗಳಿರಬಹುದು. ಇದನ್ನು ಬಿಟ್ಟು ‘ಕೆರೆಗಳ ನಿರ್ವಹಣೆಯ ಸಮಗ್ರ ಅಧ್ಯಯನ’ ಎಂದು ಬರೆದರೆ, ಓದುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ನಾನು ಕೊಡುವ ಸೂಚನೆ ಒಂದೇ: ಹಳೆಯ ಪತ್ರಗಳನ್ನು ಮರೆತು, ಒಂದು ಶಾಸನ, ಒಂದು ಸಾಲು, ಒಂದು ಪ್ರಶ್ನೆ ಇರುವ ಹೊಸ ಪತ್ರವನ್ನು ಈ ವಾರವೇ ಬರೆಯಿರಿ. ಲಗತ್ತು ಒಂದೇ ಪುಟವಿರಲಿ. ಹೆಚ್ಚುಕಡಿಮೆ ಹೀಗೆ:

‘ಮಾನ್ಯರೆ, ಕೋಲಾರ ಸೀಮೆಯ ಶಾಸನಗಳಲ್ಲಿ ಕೆರೆಯ ದುರಸ್ತಿಯ ಹೊಣೆ ಯಾರದಾಗಿತ್ತು, ಅದಕ್ಕೆ ಪ್ರತಿಯಾಗಿ ಅವರಿಗೆ ಏನು ಸಿಗುತ್ತಿತ್ತು ಎಂಬುದರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಬಿತ್ತುವಟ್ಟ ಎಂಬ ಪದವಿರುವ 14 ಶಾಸನಗಳನ್ನು ಗುರುತಿಸಿದ್ದೇನೆ. 9ರಲ್ಲಿ ಅದು ನೆಲ, 2ರಲ್ಲಿ ಧಾನ್ಯ ಎಂಬುದು ಸ್ಪಷ್ಟ. ಉಳಿದ 3ರಲ್ಲಿ ಖಂಡುಗದ ಮುಂದಿನ ಅಕ್ಷರಗಳು ನಷ್ಟವಾಗಿವೆ. ಅವುಗಳಲ್ಲಿ ಒಂದರ (ಎಪಿಗ್ರಾಫಿಯಾ ಕರ್ನಾಟಿಕ, ರೈಸ್ ಆವೃತ್ತಿ, ಸಂಪುಟ 10, ತಾಲ್ಲೂಕು …, ಸಂಖ್ಯೆ …, ಸಾಲು …) ಪಾಠವನ್ನೂ ಕಲ್ಲಿನ ಫೋಟೋವನ್ನೂ ಒಂದು ಪುಟದಲ್ಲಿ ಲಗತ್ತಿಸಿದ್ದೇನೆ. ದಾನದ ಉಳಿದ ವಿವರಗಳನ್ನು ನೋಡಿ ಇದನ್ನು ನೆಲವೆಂದು ಓದಬಹುದು ಎಂದು ನನಗೆ ತೋರುತ್ತದೆ, ಆದರೆ ಖಚಿತವಿಲ್ಲ. ಈ ಒಂದು ಸಾಲಿನ ಬಗ್ಗೆ ತಮ್ಮೊಂದಿಗೆ 20 ನಿಮಿಷ ಮಾತನಾಡಲು ಅವಕಾಶ ಕೋರುತ್ತೇನೆ. ಮಂಗಳವಾರ ಅಥವಾ ಗುರುವಾರ ತಾವು ಹೇಳಿದ ವೇಳೆಗೆ ಬರುತ್ತೇನೆ, ಫೋನಿನಲ್ಲಾದರೂ ಸರಿ. ನನ್ನ ಮಾರ್ಗದರ್ಶಕರ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ, ಅವರಿಗೂ ಪ್ರತಿ ಕಳಿಸಿದ್ದೇನೆ.’

ಇದರಲ್ಲಿ ಎರಡು ಕಡೆ ಮಾತ್ರ ಎಚ್ಚರ ಬೇಕು. ಮೊದಲನೆಯದು ಶಾಸನದ ಸಂಖ್ಯೆ. ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳನ್ನು ಮೊದಲು ಹೊರತಂದ ಬಿ.ಎಲ್. ರೈಸ್ ಅವರ ಕೋಲಾರ ಸಂಪುಟ ಬಂದದ್ದು 1905ರಲ್ಲಿ, ಅದರಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಡಲಾಗಿದೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿ 1972ರಿಂದ ಬರತೊಡಗಿದ ಮೇಲೆ ಸಂಪುಟಗಳ ಕ್ರಮ ಬದಲಾಯಿತು, ಸಂಖ್ಯೆಗಳೂ ಬದಲಾದವು. ಯಾವ ಆವೃತ್ತಿ ಎಂದು ಬರೆಯದಿದ್ದರೆ ಅವರು ಕಪಾಟಿನಿಂದ ಬೇರೊಂದು ಸಂಪುಟ ತೆಗೆದು, ಸಂಬಂಧವಿಲ್ಲದ ದಾನಶಾಸನವನ್ನು ಓದಿ, ನೀವು ತಪ್ಪು ಓದಿದ್ದೀರಿ ಎಂದುಕೊಳ್ಳುತ್ತಾರೆ. ಪಾಠವನ್ನು ಮೂಲ ಕನ್ನಡದಲ್ಲೇ ಕೊಡಿ, ರೈಸ್ ಅವರ ಇಂಗ್ಲಿಷ್ ಅನುವಾದವನ್ನು ನಂಬಿ ವಿಂಗಡಿಸಬೇಡಿ. ಅನುವಾದದಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಬೇರೆ ಬೇರೆ ಕೊಡುಗೆಗಳೆಲ್ಲ ‘ದಾನ’ ಎಂಬ ಒಂದೇ ಮಾತಿನಲ್ಲಿ ಕರಗಿಹೋಗುವ ಅಪಾಯವಿದೆ, ಆಗ ನಿಮ್ಮ ಪ್ರಶ್ನೆಯೇ ಮಾಯವಾಗುತ್ತದೆ.

ಎರಡನೆಯದು ‘ನನಗೆ ತೋರುತ್ತದೆ, ಆದರೆ ಖಚಿತವಿಲ್ಲ’ ಎಂಬ ಮಾತು. ಸೀನಿಯರ್ ಅಳಿಸಿ ಎನ್ನುವುದು ಇದನ್ನೇ. ಅಳಿಸಬೇಡಿ. ನಿಮ್ಮ ಊಹೆ ತಪ್ಪೆಂದು ಕಂಡರೆ ತಜ್ಞರು ತಿದ್ದಲಾದರೂ ಉತ್ತರಿಸುತ್ತಾರೆ. ಊಹೆಯನ್ನೇ ಹೇಳದೆ ‘ಇದರ ಅರ್ಥವೇನು’ ಎಂದಷ್ಟೇ ಕೇಳಿದರೆ, ನಿಮ್ಮ ಕೆಲಸವನ್ನು ಅವರ ಮೇಲೆ ಹೊರಿಸಿದಂತೆ ಕಾಣುತ್ತದೆ.

ಗೈಡ್ ಮೇಡಂ ವಿಚಾರದಲ್ಲಿ ನಿಮ್ಮ ತಪ್ಪಿದೆ, ಅದನ್ನು ಮೃದುವಾಗಿ ಹೇಳಲಾರೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳಂತೆ ನೀವು ಪ್ರತಿ ಸೆಮಿಸ್ಟರಿನಲ್ಲೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕು, ಆ ಸಮಿತಿಯ ಸಂಚಾಲಕರು ನಿಮ್ಮ ಮಾರ್ಗದರ್ಶಕರೇ. ಎರಡು ತಿಂಗಳಿಂದ ಅಧ್ಯಾಯ ನಿಂತಿದೆ, ಹೊರಗಿನವರಿಗೆ ಮೂರು ಪತ್ರ ಹೋಗಿವೆ ಎಂಬುದು ಅವರಿಗೆ ಆ ಸಭೆಯಲ್ಲಿ ಬೇರೆಯವರ ಬಾಯಿಂದ ತಿಳಿಯುವುದು ಬೇಡ. ನಾಳೆಯೇ ಹೋಗಿ ಆ ಒಂದು ಪುಟವನ್ನು ತೋರಿಸಿ, ‘ಮೇಡಂ, ಈ ಸಾಲಿನ ಬಗ್ಗೆ ಅವರನ್ನು ಕೇಳಬೇಕೆಂದಿದ್ದೇನೆ’ ಎನ್ನಿ. ಹೊಸ ಪತ್ರ ಹೊರಡುವುದು ಅವರು ಹೂಂ ಎಂದ ಮೇಲೆ.

ಭೇಟಿ ಸಿಕ್ಕಿದರೆ 3 ಶಾಸನಗಳ ಪಾಠದ ಜೆರಾಕ್ಸನ್ನು ದೊಡ್ಡ ಅಕ್ಷರದಲ್ಲಿ, ಸಾಲುಗಳ ಸಂಖ್ಯೆಯೊಂದಿಗೆ ಒಯ್ಯಿರಿ. ಕುಶಲ ವಿಚಾರಿಸಿದ ಕೂಡಲೇ ಪ್ರಶ್ನೆಗೆ ಬನ್ನಿ, ಸಿನಾಪ್ಸಿಸ್ ಚೀಲದಲ್ಲೇ ಇರಲಿ. ಅವರು ‘ಪಡಿಯಚ್ಚು ನೋಡಿದ್ದೀರಾ’ ಎಂದು ಕೇಳುವ ಸಂಭವ ಹೆಚ್ಚು. ಪುಸ್ತಕದಲ್ಲಿ ಚುಕ್ಕಿ ಹಾಕಿ ಬಿಟ್ಟ ಅಕ್ಷರ ಕೆಲವೊಮ್ಮೆ ಕಲ್ಲಿನ ಮೇಲೆ ಕಾಗದ ಒತ್ತಿ ಮಸಿಯಿಂದ ತೆಗೆದ ಪಡಿಯಚ್ಚಿನಲ್ಲಿ ಅರ್ಧವಾದರೂ ಕಾಣುತ್ತದೆ, ಗದ್ದೆಯ ಗ ಮತ್ತು ನೆಲ್ಲಿನ ನೆ ಗಳ ವ್ಯತ್ಯಾಸ ತಿಳಿಯಲು ಆ ಅರ್ಧವೇ ಸಾಕಾಗಬಹುದು.

ಪತ್ರ ಹೋದ ಮೇಲೆ ಹತ್ತು ದಿನ ಕಾಯಿರಿ, ಅದೇ ಪತ್ರದ ಕೆಳಗೆ ಎರಡು ಸಾಲಿನಲ್ಲಿ ಒಮ್ಮೆ ನೆನಪಿಸಿ. ಮತ್ತೂ ಉತ್ತರವಿಲ್ಲದಿದ್ದರೆ ಅವಮಾನವೆಂದು ತಿಳಿಯದೆ, ವಿಭಾಗದಿಂದ ಒಂದು ಪತ್ರ ಪಡೆದು, ಆ 3 ಶಾಸನಗಳ ಪಡಿಯಚ್ಚು ಇದೆಯೇ ಎಂದು ಮೈಸೂರಿನಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ಶಾಖೆಯಲ್ಲಿ ವಿಚಾರಿಸಿ. ಅಲ್ಲಿ ಖಂಡುಗದ ಮುಂದಿನ ಅಕ್ಷರದ ಚೂರು ಕಂಡರೂ ಸಾಕು, ಅದರ ಫೋಟೋವನ್ನು ಅದೇ ಪ್ರಾಧ್ಯಾಪಕರಿಗೆ ಕಳಿಸಿ, ‘ಇದು ಗ ಇರಬಹುದೇ?’ ಎಂದು ಕೇಳಿ.