ಆ ಐದು ಸಿಗರೇಟಿನ ಲೆಕ್ಕ

‘ಸಂಪಾದಕರೇ, ನನಗೆ 46 ವರ್ಷ. ದಿನಕ್ಕೆ 15 ಸಿಗರೇಟು ಸೇದುತ್ತಿದ್ದೆ. ಮಗ ದುಬೈನಿಂದ 6 ಮಿಲಿಗ್ರಾಂನ ನಿಕೋಟಿನ್ ಪೌಚ್ ತಂದುಕೊಟ್ಟ ಮೇಲೆ ಐದಕ್ಕೆ ಇಳಿಸಿದ್ದೇನೆ, ಜೊತೆಗೆ ಎಂಟು ಪೌಚ್. ಕೆಮ್ಮು ಕಡಿಮೆಯಾಗಿದೆ. ಆದರೆ ಮೇಲೆ ಎಡಗಡೆ ಒಸಡು ಸರಿದು ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಬಿ.ಪಿ. 146/92 ಇದೆ. ಏನೇ ಆದರೂ ಸಿಗರೇಟಿಗಿಂತ ಇದು ವಾಸಿ ತಾನೆ?’
— ಓದುಗರು, ಗೋಣಿಕೊಪ್ಪ

ವಾಸಿ, ಒಪ್ಪಿದೆ. ತುಟಿಗೂ ಒಸಡಿಗೂ ನಡುವೆ ಇಡುವ ಈ ಪುಟ್ಟ ಪೌಚಿನಲ್ಲಿ ಏನೂ ಸುಡುವುದಿಲ್ಲ. ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ. ಸ್ವೀಡನ್ನಿನಲ್ಲಿ ಹೀಗೇ ತುಟಿಯಡಿ ಇಡುವ ಸ್ನೂಸ್ ಪರವಾಗಿ ಹೇಳುವ ಮಾತೂ ಇದೇ. ಅದು ಹೊಗೆಸೊಪ್ಪೇ, ಆದರೆ ಹುಳಿಯಲು ಬಿಡದೆ ಬಿಸಿ ಹಾಯಿಸಿ ಹದ ಮಾಡಿದ್ದು. ಹಾಗಾಗಿ ಕ್ಯಾನ್ಸರ್ ತರುವ ನೈಟ್ರೊಸಮೈನುಗಳು ನಮ್ಮ ಖೈನಿಗಿಂತ ಬಹಳ ಕಡಿಮೆ. ಇಲ್ಲವೇ ಇಲ್ಲ ಎಂದಲ್ಲ. ನಿಮ್ಮ ಪೌಚಿನಲ್ಲಿ ಸೊಪ್ಪೂ ಇಲ್ಲ, ಸಸ್ಯದ ನಾರಿಗೆ ನಿಕೋಟಿನ್ ಸೇರಿಸಿರುತ್ತಾರೆ.

ನನ್ನ ತಕರಾರು ನೀವು ಉಳಿಸಿಕೊಂಡ ಐದು ಸಿಗರೇಟಿನ ಮೇಲೆ. ಹದಿನೈದು ಐದಾದರೆ ಅಪಾಯವೂ ಮೂರರಲ್ಲೊಂದು ಪಾಲಿಗೆ ಇಳಿಯಿತು ಎಂದುಕೊಂಡಿದ್ದೀರಿ. ಶ್ವಾಸಕೋಶದ ವಿಷಯದಲ್ಲಿ ಆ ಲೆಕ್ಕ ಸ್ವಲ್ಪ ನಡೆದೀತು, ಹೃದಯದ ವಿಷಯದಲ್ಲಿ ನಡೆಯುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 20 ಸಿಗರೇಟಿನಿಂದ ಹೃದ್ರೋಗದ ಅಪಾಯ ಎಷ್ಟು ಏರುತ್ತದೋ ಅದರ ಅರ್ಧದಷ್ಟು ಒಂದೇ ಸಿಗರೇಟಿನಿಂದ ಏರುತ್ತದೆ. ಸ್ವಲ್ಪ ಹೊಗೆ ಸಾಕು, ರಕ್ತ ಹೆಪ್ಪುಗಟ್ಟಿಸುವ ತಟ್ಟೆಕಣಗಳು ಒಂದಕ್ಕೊಂದು ಅಂಟಿಕೊಳ್ಳಲು ಶುರುಮಾಡುತ್ತವೆ, ನಾಳದ ಒಳಪದರ ಕೆರಳುತ್ತದೆ.

ಈಗ ಪೌಚಿಗೆ ಬರೋಣ. ಹೊಗೆಸೊಪ್ಪಿಗೆ ಸುಣ್ಣ ಏಕೆ ತಿಕ್ಕುತ್ತಾರೆ, ನಿಮಗೆ ಗೊತ್ತು. ಕ್ಷಾರ ಹೆಚ್ಚಿದಷ್ಟೂ ನಿಕೋಟಿನ್ ಬಾಯಿಯ ತೆಳುಪೊರೆ ದಾಟಿ ರಕ್ತ ಸೇರುತ್ತದೆ. ಪೌಚಿನಲ್ಲಿ ಸುಣ್ಣದ ಕೆಲಸವನ್ನು ಸೋಡಿಯಂ ಕಾರ್ಬೊನೇಟಿನಂಥ ಕ್ಷಾರ ಮಾಡುತ್ತದೆ. ಸಿಗರೇಟಿನ ನಿಕೋಟಿನ್ ಕೆಲವೇ ನಿಮಿಷದಲ್ಲಿ ಏರಿ ಇಳಿದರೆ, ಪೌಚಿನದು ಅರ್ಧ ಗಂಟೆಯ ಮೇಲೆ ನಿಧಾನವಾಗಿ ಏರಿ ಹಾಗೇ ನಿಲ್ಲುತ್ತದೆ. ಎಂಟು ಪೌಚು, ನಡುವೆ ಐದು ಸಿಗರೇಟು ಎಂದರೆ ಎದ್ದಲ್ಲಿಂದ ಮಲಗುವವರೆಗೆ ನಿಕೋಟಿನ್ ಇಳಿಯುವುದೇ ಇಲ್ಲ. ನಾಡಿ ಚುರುಕು, ನಾಳ ಬಿಗಿ. ಬಿ.ಪಿ. ಏರಲು ಇದೂ ಒಂದು ಕಾರಣವಿರಬಹುದು. ಪೌಚ್, ಸಿಗರೇಟು, ಕಾಫಿ ಮೂರನ್ನೂ ಅರ್ಧ ಗಂಟೆ ಬಿಟ್ಟು, ಐದು ನಿಮಿಷ ಸುಮ್ಮನೆ ಕುಳಿತು, ಬೇರೆ ಬೇರೆ ದಿನ ಅಳೆಸಿ ನೋಡಿ. ಆಗಲೂ 140 ದಾಟಿದರೆ ವೈದ್ಯರ ಬಳಿ ಹೋಗಲೇಬೇಕು.

ಸ್ನೂಸ್ ಬಗ್ಗೆಯೂ ಹೃದಯದ ಕಡೆಯಿಂದ ಪೂರ್ತಿ ಶುಭವಾರ್ತೆ ಇಲ್ಲ. ಸ್ವೀಡನ್ನಿನ ಅಧ್ಯಯನಗಳಲ್ಲಿ ಸ್ನೂಸ್ ಹಾಕುವವರಿಗೆ ಹೃದಯಾಘಾತ ಹೆಚ್ಚು ಆಗುವುದು ಕಂಡಿಲ್ಲ. ಆದರೆ ಹೃದಯಾಘಾತವಾದ ಮೇಲೆ ಸ್ನೂಸ್ ಬಿಟ್ಟವರಲ್ಲಿ ಸಾವು, ಬಿಡದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು ಎಂದು 2014ರ ಅಧ್ಯಯನವೊಂದು ಹೇಳುತ್ತದೆ. ಬಿಟ್ಟವರು ಬೇರೆ ವಿಷಯದಲ್ಲೂ ಜಾಗ್ರತೆಯವರಿರಬಹುದು, ಅದನ್ನು ಕಳೆದುಕೊಂಡೇ ಓದಬೇಕು. ಪೌಚು ಹೊಸದು, ಅಷ್ಟು ವರ್ಷದ ದಾಖಲೆ ಅದಕ್ಕಿಲ್ಲ.

ಇನ್ನು ಒಸಡು. ಕನ್ನಡಿಯ ಮುಂದೆ ನಿಂತು ಮೇಲ್ದುಟಿ ಎತ್ತಿ. ಪೌಚ್ ಕೂರುವ ಜಾಗದಲ್ಲಿ ಬೆಳ್ಳಗೆ, ಸುಕ್ಕುಸುಕ್ಕಾದ ಪೊರೆ ಕಾಣಬಹುದು. ಅದು ಬಿಟ್ಟ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಹೋಗುತ್ತದೆ. ಸರಿದ ಒಸಡು ಮಾತ್ರ ತಾನಾಗಿ ವಾಪಸ್ ಬರುವುದಿಲ್ಲ. ಬೇರು ತೆರೆದುಕೊಂಡಿದೆ, ಅದಕ್ಕೇ ಜುಮ್ಮೆನ್ನುವುದು. ಅಲ್ಲಿ ಎನಾಮೆಲ್ ಇಲ್ಲವಾದ್ದರಿಂದ ಹುಳುಕೂ ಬೇಗ ಹಿಡಿಯುತ್ತದೆ. ಇದು ಪೌಚಿನ ತಪ್ಪು ಮಾತ್ರ ಎನ್ನಬೇಡಿ. ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ಬಾಯಿ ತುಂಬ ಕರಗಿಸುವುದು ಸಿಗರೇಟು. ಸೇದುವವರ ಒಸಡಿನಲ್ಲಿ ರಕ್ತ ಬರುವುದೂ ಕಡಿಮೆ, ರೋಗ ಬೆಳೆದರೂ ಗೊತ್ತಾಗುವುದಿಲ್ಲ. ಸಿಗರೇಟು ಬಿಟ್ಟ ಮೊದಲ ವಾರಗಳಲ್ಲಿ ಬ್ರಷ್ ಮಾಡುವಾಗ ರಕ್ತ ಕಂಡರೆ ಗಾಬರಿಯಾಗಿ ಮತ್ತೆ ಹಚ್ಚಬೇಡಿ.

ನಿಮ್ಮ ಪರಿಸ್ಥಿತಿಯಲ್ಲಿ ಕ್ರಮ ಹೀಗಿರಲಿ. ಮೊದಲು ಐದೂ ಸಿಗರೇಟು ಹೋಗಬೇಕು, ಪೌಚ್ ಸದ್ಯಕ್ಕೆ ಇದ್ದಷ್ಟೇ ಇರಲಿ. ಆಮೇಲೆ 6ರಿಂದ 3 ಮಿಲಿಗ್ರಾಂಗೆ ಇಳಿಸಿ. ಕೊನೆಗೆ ಒಂದೊಂದೇ ಪೌಚಿನ ಬದಲು ಮೆಡಿಕಲ್ ಶಾಪಿನ 2 ಮಿಲಿಗ್ರಾಂ ನಿಕೋಟಿನ್ ಗಮ್ ಹಾಕಿ.

ಈ ಗಮ್ಮಿನದೇ ನನಗೆ ಹಳೆಯ ಸಿಟ್ಟು. ಅಂಗಡಿಯವರು ಪೆಪ್ಪರ್‌ಮಿಂಟಿನ ಹಾಗೆ ಕೈಗಿಡುತ್ತಾರೆ, ಹೇಗೆ ಅಗಿಯಬೇಕೆಂದು ಯಾರೂ ಹೇಳುವುದಿಲ್ಲ. ಜನ ಬಬಲ್‌ಗಮ್ಮಿನಂತೆ ಅಗಿದು ರಸ ನುಂಗಿ, ಬಿಕ್ಕಳಿಕೆ, ಎದೆಯುರಿ ಬಂತೆಂದು ಎಸೆದು, ಸಿಗರೇಟಿಗೆ ವಾಪಸ್ಸಾಗುತ್ತಾರೆ. ಖಾರ ಬರುವವರೆಗೆ ನಿಧಾನ ಅಗಿಯಿರಿ, ಆಮೇಲೆ ಕೆನ್ನೆಗೂ ಒಸಡಿಗೂ ನಡುವೆ ಇಟ್ಟು ಸುಮ್ಮನಿರಿ. ಖಾರ ಇಳಿದ ಮೇಲೆ ಮತ್ತೆ ಅಗಿದು, ಈ ಸಲ ಬೇರೆ ಜಾಗಕ್ಕೆ. ಒಟ್ಟು ಅರ್ಧ ಗಂಟೆ. ಒಸಡು ಸರಿದ ಎಡಗಡೆ ಬೇಡ.

ಕೊಡಗಿನವರಿಗೆ ಇನ್ನೊಂದು ಎಚ್ಚರಿಕೆ ಬೇಕು: ಕಾಫಿ ಹುಳಿ, ಬಾಯಿಯ ಕ್ಷಾರವನ್ನು ಅಳಿಸಿಬಿಡುತ್ತದೆ, ನಿಕೋಟಿನ್ ಹತ್ತುವುದಿಲ್ಲ. ಕಾಫಿ ಕುಡಿದು ಕಾಲು ಗಂಟೆ ಕಳೆದ ಮೇಲೆ ಗಮ್ ಹಾಕಿ, ಅದು ಬಾಯಲ್ಲಿರುವಾಗ ಕಾಫಿ ಬೇಡ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ದಂತವೈದ್ಯರಿಗೆ ತೋರಿಸಿ. ‘ಸೇದುತ್ತೀರಾ?’ ಎಂದಷ್ಟೇ ಕೇಳಿದರೆ, ತುಟಿಯ ಕೆಳಗಿನ ಪೌಚಿನ ಸಂಗತಿಯನ್ನು ನೀವೇ ಬಾಯಿಬಿಟ್ಟು ಹೇಳಿ.