ಬಡ್ಡಿ ಏರಿದೆ, ಇಎಂಐ ಏರಿಲ್ಲ. ಸುಮ್ಮನಿರಬಹುದಾ?

ಪ್ರಶ್ನೆ: ನನ್ನ ಮನೆ ಸಾಲ ಇನ್ನೂ 30 ಲಕ್ಷ ಬಾಕಿ ಇದೆ, 20 ವರ್ಷ ಕಟ್ಟಬೇಕು. ಫ್ಲೋಟಿಂಗ್ ಬಡ್ಡಿ ಶೇ 7ರಿಂದ ಶೇ 8.5ಕ್ಕೆ ಏರಿದೆ. ಆದರೆ ಇಎಂಐ ಮೊದಲಿನ 23,259 ರೂಪಾಯಿಯೇ ಹೋಗುತ್ತಿದೆ. ನನಗೆ ಈಗ 40 ವರ್ಷ. ಹೀಗೇ ಬಿಡಬಹುದಾ?

ಉತ್ತರ: ಬಿಡಬೇಡಿ. ಬ್ಯಾಂಕು ನಿಮ್ಮ ಕಂತಿನ ಬದಲು ಅವಧಿಯನ್ನು ಏರಿಸಿದೆ. ಈ ಲೆಕ್ಕದಲ್ಲಿ ನೀವು ಕಟ್ಟಬೇಕಾದ ಕಂತುಗಳು 240 ಅಲ್ಲ, 347. ಅಂದರೆ ಸುಮಾರು 29 ವರ್ಷ. ಸಾಲ ತೀರುವಾಗ ನಿಮಗೆ 69 ಆಗಿರುತ್ತದೆ.

ಬಡ್ಡಿ ಒಂದೂವರೆ ಪರ್ಸೆಂಟ್ ಏರಿದ್ದಕ್ಕೆ ಒಂಬತ್ತು ವರ್ಷ ಜಾಸ್ತಿ ಯಾಕೆ? ಕಂತಿನಲ್ಲಿ ಮೊದಲು ಬಡ್ಡಿ ಮುರಿದುಕೊಂಡು, ಉಳಿದದ್ದು ಮಾತ್ರ ಅಸಲಿಗೆ ಹೋಗುತ್ತದೆ. ಶೇ 7 ಇದ್ದಾಗ ತಿಂಗಳ ಬಡ್ಡಿ 17,500. ಅಸಲಿಗೆ 5,759 ರೂಪಾಯಿ ಹೋಗುತ್ತಿತ್ತು. ಈಗ ಬಡ್ಡಿಯೇ 21,250. ಅಸಲಿಗೆ ಬರೀ 2,009. ಬಡ್ಡಿ ಶೇ 9.5 ಆದರೆ 23,750 ರೂಪಾಯಿ ಬಡ್ಡಿಗೇ ಬೇಕು. ನಿಮ್ಮ ಕಂತು ಅದಕ್ಕೂ ಸಾಲುವುದಿಲ್ಲ, ಸಾಲ ಬೆಳೆಯತೊಡಗುತ್ತದೆ. ಇದು ಬರೀ ಊಹೆಯಲ್ಲ. 2022ರ ಮೇಯಿಂದ 2023ರ ಫೆಬ್ರುವರಿ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 4ರಿಂದ 6.5ಕ್ಕೆ ಏರಿಸಿತ್ತು. ಶೇ 7ರಿಂದ 9.5ಕ್ಕೆ ಹೋದರೆ ಆಗುವ ಏರಿಕೆಯೂ ಅಷ್ಟೇ, ಎರಡೂವರೆ ಪರ್ಸೆಂಟ್.

ಅವಧಿ 20 ವರ್ಷವೇ ಇರಲಿ ಎಂದರೆ ಕಂತು ಸುಮಾರು 26,035 ಆಗುತ್ತದೆ. ತಿಂಗಳಿಗೆ 2,776 ಜಾಸ್ತಿ. ಆದರೆ ಕೊನೆಯವರೆಗೆ ಕಟ್ಟುವ ಒಟ್ಟು ಮೊತ್ತದಲ್ಲಿ 18 ಲಕ್ಷ ಉಳಿಯುತ್ತದೆ. ಅಷ್ಟು ಆಗದಿದ್ದರೆ 24,500ಕ್ಕೆ ಏರಿಸಿ. ಆಗ 287 ಕಂತಿಗೆ ಮುಗಿಯುತ್ತದೆ. ತಿಂಗಳಿಗೆ 1,241 ರೂಪಾಯಿ ಹೆಚ್ಚು ಕಟ್ಟಿ ಐದು ವರ್ಷ ಉಳಿಸಿದಂತಾಯಿತು. ಮೊದಲ ಸಾವಿರ ರೂಪಾಯಿಯ ಏರಿಕೆಯೇ ಹೆಚ್ಚು ಕೆಲಸ ಮಾಡುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ.

ಕೈಯಲ್ಲಿ ದುಡ್ಡಿದ್ದರೆ ಇನ್ನೊಂದು ದಾರಿ ಇದೆ. ಒಮ್ಮೆಗೇ ಸುಮಾರು 3.2 ಲಕ್ಷ ಅಸಲಿಗೆ ಕಟ್ಟಿದರೆ ಹಳೆಯ ಕಂತಿನಲ್ಲೇ 20 ವರ್ಷಕ್ಕೆ ಸಾಲ ತೀರುತ್ತದೆ. ವೈಯಕ್ತಿಕವಾಗಿ ಪಡೆದ ಫ್ಲೋಟಿಂಗ್ ಮನೆ ಸಾಲಕ್ಕೆ ಮುಂಗಡ ಪಾವತಿಯ ದಂಡ ಇಲ್ಲ. ಕಟ್ಟುವಾಗ "ಕಂತು ಇಳಿಸಬೇಡಿ, ಅವಧಿ ಇಳಿಸಿ" ಎಂದು ಬರೆದುಕೊಡಿ. ಆದರೆ ಆಸ್ಪತ್ರೆ, ಕೆಲಸ ಹೋದ ಕಾಲಕ್ಕೆಂದು ಇಟ್ಟ ಹಣವನ್ನು ಇದಕ್ಕೆ ತೆಗೆಯಬೇಡಿ. ಅಂಥ ಹಣ ಮಾತ್ರ ಇದ್ದರೆ ಕಂತು ಏರಿಸುವುದೇ ಸರಿ.

ಬಡ್ಡಿ ಬದಲಾದಾಗ ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂಬ ಆಯ್ಕೆಯನ್ನು ಬ್ಯಾಂಕು ನಿಮಗೆ ಕೊಡಬೇಕು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸೂಚನೆಯಲ್ಲಿ ಇದು ಸ್ಪಷ್ಟವಾಗಿದೆ. ಮೂರು ತಿಂಗಳಿಗೊಮ್ಮೆ ಬರುವ ಸ್ಟೇಟ್‌ಮೆಂಟ್‌ನಲ್ಲಿ ಉಳಿದ ಕಂತುಗಳ ಸಂಖ್ಯೆ ಇರುತ್ತದೆ. ಅದನ್ನು ನೋಡಿ, ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಸ ಗ್ರಾಹಕರಿಗೆ ಅದೇ ಬ್ಯಾಂಕು ಎಷ್ಟಕ್ಕೆ ಸಾಲ ಕೊಡುತ್ತಿದೆ ಎಂದೂ ಕೇಳಿ. ನಿಮ್ಮ ದರ ಅದಕ್ಕಿಂತ ಹೆಚ್ಚಿದ್ದರೆ ಇಳಿಸಲು ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ.