ಅಮ್ಮನಿಗೆ ಕಾರು ನೋಡಲು ಹೋಗುವಾಗ ಟೇಪು ತಗೊಂಡು ಹೋಗಿ

ಪ್ರಶ್ನೆ: ಅಮ್ಮನಿಗೆ 71 ವರ್ಷ, ಎತ್ತರ ಐದಡಿ, ಎರಡೂ ಮಂಡಿ ಆಪರೇಷನ್ ಆಗಿದೆ. ಅಪ್ಪನಿಗೆ 74, ಸಾಗರದಲ್ಲಿ ಈಗಲೂ ಅವರೇ ಕಾರು ಓಡಿಸುತ್ತಾರೆ. ಈಗಿರುವ ಸೆಡಾನ್‌ನಿಂದ ಅಮ್ಮನಿಗೆ ಎದ್ದು ಬರಲು ಆಗುತ್ತಿಲ್ಲ. ದೊಡ್ಡ ಎಸ್‌ಯುವಿ ತಗೊಳ್ಳೋಣ ಅಂತಿದ್ದೇವೆ. ಎತ್ತರ ಇದ್ದಷ್ಟೂ ಒಳ್ಳೇದಲ್ವಾ?

ಉತ್ತರ: ಅಲ್ಲ. ನಾನು ಫಿಸಿಯೊಥೆರಪಿಸ್ಟ್, ಕಾರು ಮಾರುವವಳಲ್ಲ. ಆದರೂ ಮಂಡಿ ಆಪರೇಷನ್ ಆದವರ ಮಕ್ಕಳು ಈ ಪ್ರಶ್ನೆ ಹಿಡಿದುಕೊಂಡು ಬರುತ್ತಲೇ ಇರುತ್ತಾರೆ, ಅದೂ ಬುಕ್ ಮಾಡಿ ಅಡ್ವಾನ್ಸ್ ಕಟ್ಟಿದ ಮೇಲೆ. ನೀವು ಮುಂಚೆಯೇ ಕೇಳಿದ್ದೀರಿ, ಸಂತೋಷ.

ನೋಡಬೇಕಾದ್ದು ಕಾರಿನ ಎತ್ತರ ಅಲ್ಲ, ನೆಲದಿಂದ ಸೀಟಿನ ಹೊರ ಅಂಚಿನವರೆಗಿನ ಎತ್ತರ. ಅದು ಯಾವ ಬ್ರೋಷರಿನಲ್ಲೂ ಇರುವುದಿಲ್ಲ. ಗ್ರೌಂಡ್ ಕ್ಲಿಯರೆನ್ಸ್ ಅಂತ ಸೇಲ್ಸ್ ಹುಡುಗ ಹೇಳುವ ಸಂಖ್ಯೆ ಇದಲ್ಲ, ಅದನ್ನು ನಂಬಿ ಮೋಸ ಹೋಗಬೇಡಿ. ಅಮ್ಮ ದಿನಾ ಹಾಕುವ ಚಪ್ಪಲಿ ಹಾಕಿಕೊಂಡು ಸೀಟಿಗೆ ಬೆನ್ನು ಮಾಡಿ ನಿಲ್ಲಲಿ. ಸೀಟಿನ ಅಂಚು ಅವರ ತೊಡೆಯ ಮಧ್ಯಕ್ಕೆ ಬರಬೇಕು. ಐದಡಿ ಎತ್ತರದವರಿಗೆ ಇದು ಸುಮಾರು 55ರಿಂದ 60 ಸೆಂಟಿಮೀಟರ್ ಆಗುತ್ತದೆ. ಮಂಡಿಯ ಹತ್ತಿರಕ್ಕೆ ಇಳಿದರೆ ಕೂರುವಾಗ ಧೊಪ್ಪೆಂದು ಬೀಳುತ್ತಾರೆ, ಏಳುವಾಗ ಪೂರ್ತಿ ಭಾರ ಮಂಡಿಯ ಮೇಲೆ. ನಿಮ್ಮ ಸೆಡಾನ್‌ನಲ್ಲಿ ಆಗುತ್ತಿರುವುದು ಅದೇ. ಸೊಂಟದ ಹತ್ತಿರಕ್ಕೆ ಹೋದರೆ ಒಂದು ಕಾಲು ಎತ್ತಿ, ಇನ್ನೊಂದರ ಮೇಲೆ ಪೂರ್ತಿ ನಿಂತು ಹತ್ತಬೇಕು. ಸೀರೆ ಉಟ್ಟವರಿಗೆ ಒಂದು ಕೈ ನೆರಿಗೆ ಹಿಡಿಯಲಿಕ್ಕೇ ಬೇಕು, ಉಳಿದ ಒಂದೇ ಕೈಯಲ್ಲಿ ಮೈಯೆಲ್ಲ ಎಳೆದುಕೊಳ್ಳಬೇಕು. ಇಳಿಯುವುದು ಇನ್ನೂ ಕಷ್ಟ, ಯಾಕೆಂದರೆ ಕಾಲಿಗೆ ನೆಲ ಸಿಗುವ ಮೊದಲೇ ಸೀಟಿನಿಂದ ಜಾರಿಬಿಡುತ್ತಾರೆ.

ಆಗ ಶೋರೂಮಿನವರು ಫುಟ್‌ಬೋರ್ಡ್ ಹಾಕಿಸಿ ಅನ್ನುತ್ತಾರೆ. ದಯವಿಟ್ಟು ಬೇಡ. ಮಂಡಿ ನೋವಿನವರು ಕಾರಿಗೆ ಹತ್ತಬಾರದು, ಕೂರಬೇಕು: ಮೊದಲು ಹಿಂಭಾಗ ಸೀಟಿನ ಮೇಲೆ, ಆಮೇಲೆ ತಿರುಗಿ ಎರಡೂ ಕಾಲು ಒಳಗೆ. ಫುಟ್‌ಬೋರ್ಡ್ ಇದ್ದರೆ ಸೀಟಿಗೂ ಅವರಿಗೂ ನಡುವೆ ಅಡ್ಡವಾಗಿ ನಿಂತು ಅವರನ್ನು ಇನ್ನೂ ದೂರ ತಳ್ಳುತ್ತದೆ. ಇದೇ ಕಾರಣಕ್ಕೆ ಬಾಗಿಲ ಕೆಳಗಿನ ಹೊಸ್ತಿಲ ಪಟ್ಟಿ ಎಷ್ಟು ಅಗಲ ಇದೆ ಅಂತಲೂ ನೋಡಿ. ಅಲ್ಲಿ ಒಂದು ಗೇಣು ಅಗಲ ಇದ್ದರೆ ಅಮ್ಮ ಹಿಂದಕ್ಕೆ ಅಷ್ಟು ದೂರ ಅಂದಾಜಿನ ಮೇಲೆ ಕೂರಬೇಕಾಗುತ್ತದೆ. ಆ ಪಟ್ಟಿ ಕಾರಿನ ಒಳನೆಲಕ್ಕಿಂತ ತುಂಬಾ ಎತ್ತರ ಇದ್ದರೆ ಇಳಿಯುವಾಗ ಪ್ರತಿ ಸಲ ಕಾಲು ಎತ್ತಿ ದಾಟಿಸಬೇಕು.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. 'ಸೀಟ್ ಹೈಟ್ ಅಡ್ಜಸ್ಟ್ ಇದೆ ಮೇಡಂ' ಅನ್ನುತ್ತಾರಲ್ಲ, ಸಾಮಾನ್ಯ ಬಜೆಟ್ಟಿನ ಬಹುಪಾಲು ಕಾರುಗಳಲ್ಲಿ ಅದು ಡ್ರೈವರ್ ಸೀಟಿಗೆ ಮಾತ್ರ. ಪಕ್ಕದ ಸೀಟು ಎಷ್ಟಿದೆಯೋ ಅಷ್ಟೇ. ಅಂದರೆ ಅಪ್ಪನಿಗೆ ಹೊಂದಿಸಿಕೊಳ್ಳಬಹುದು, ಅಮ್ಮನಿಗೆ ಆಗುವುದಿಲ್ಲ. ಹಾಗಾಗಿ ಟೇಪು ಹಿಡಿಯುವುದು ಎಡಗಡೆ ಬಾಗಿಲಲ್ಲಿ. ಹಿರಿಯರನ್ನು ಹಿಂದೆ ಕೂರಿಸುವುದೇ ಮರ್ಯಾದೆ ಅಂತ ಕೆಲವು ಮನೆಗಳಲ್ಲಿ ಇದೆ. ಹಿಂದಿನ ಬಾಗಿಲು ಚಕ್ರದ ಕಮಾನಿನ ಹತ್ತಿರ ಕಿರಿದಾಗುತ್ತದೆ, ಮುಂದಿನ ಸೀಟಿಗೆ ಮಂಡಿ ತಾಗುತ್ತದೆ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಒರಗುವ ಭಾಗ ಸ್ವಲ್ಪ ವಾಲಿಸಿ, ಅಲ್ಲೇ ಕೂರಿಸಿ. ಕೂತ ಮೇಲೆ ಒರಗುವ ಭಾಗವನ್ನು ಮತ್ತೆ ನೆಟ್ಟಗೆ ಮಾಡಿ.

ಬಾಗಿಲು. ಟಾಟಾ ಪಂಚ್‌ನ ಬಾಗಿಲು 90 ಡಿಗ್ರಿ ತೆರೆಯುತ್ತದೆ, ನಿಜ, ಒಳ್ಳೆಯದೇ. ಆದರೆ ನಿಮ್ಮ ಮನೆ ಪೋರ್ಟಿಕೋದಲ್ಲಿ ಎಡಗಡೆ ಗೋಡೆಗೆ ಎರಡಡಿ ಜಾಗ ಇದ್ದರೆ ಆ 90 ಡಿಗ್ರಿ ತಗೊಂಡು ಏನು ಮಾಡುತ್ತೀರಿ? ಅಮ್ಮನನ್ನು ಗೇಟಿನ ಹೊರಗೇ ಹತ್ತಿಸಿ ಇಳಿಸಿ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯ, ಅರ್ಧ ತೆರೆದ ಬಾಗಿಲು ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದಾ ಅನ್ನುವುದು. ಸಾಗರದ ಕಡೆ ಇಳಿಜಾರು ರಸ್ತೆ ಜಾಸ್ತಿ. ಮೂಗು ಕೆಳಗಾಗಿ ನಿಂತ ಕಾರಿನ ಬಾಗಿಲು ಇನ್ನೂ ತೆರೆದುಕೊಳ್ಳುತ್ತದೆ, ಮೂಗು ಮೇಲಾದರೆ ಮುಚ್ಚಿಕೊಂಡು ಬಂದು ಮೊಳಕಾಲಿಗೆ ಬಡಿಯುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಇಳಿಜಾರಿನಲ್ಲಿ ನಿಲ್ಲಿಸಿ ತೆರೆದು ನೋಡಿ. ಅಮ್ಮ ಬಾಗಿಲಿಗೆ ಭಾರ ಹಾಕಬಾರದು, ಅದು ಓಡಾಡುತ್ತದೆ. ಒಂದು ಕೈ ಡ್ಯಾಶ್‌ಬೋರ್ಡ್ ಅಂಚಿಗೆ, ಒಂದು ಸೀಟಿನ ಬೆನ್ನಿಗೆ. ಚಾವಣಿಯ ಹಿಡಿ ಏಳುವಾಗ ನೆರವಿಗೆ ಬರುತ್ತದೆ. ಆದರೆ ಎಷ್ಟೋ ಕಾರುಗಳಲ್ಲಿ ಡ್ರೈವರ್ ಕಡೆ ಅದು ಇರುವುದೇ ಇಲ್ಲ, ಅಪ್ಪನ ವಯಸ್ಸಿಗೆ ಅದೂ ಲೆಕ್ಕಕ್ಕೆ ಬರುತ್ತದೆ.

ಅಪ್ಪನ ಕಡೆಗೆ ಬಂದರೆ, ಕತ್ತು ಎಷ್ಟು ತಿರುಗುತ್ತದೆ ಅಂತ ನೋಡಿ. ಭುಜದ ಮೇಲಿಂದ ಹಿಂದಕ್ಕೆ ನೋಡಲು ಆಗದವರಿಗೆ ರಿವರ್ಸ್ ಕ್ಯಾಮೆರಾ ಬೇಕೇ ಬೇಕು. ಸೆನ್ಸರ್ ಹೇಗೂ ಬರುತ್ತದೆ, ಕ್ಯಾಮೆರಾ ಕೇಳಿ ತಗೋಬೇಕು. ಮಲೆನಾಡಿನ ಮಳೆಯಲ್ಲಿ ಅದರ ಗಾಜಿಗೆ ಕೆಸರು ಹತ್ತುತ್ತದೆ, ಆದ್ದರಿಂದ ಹಿಂದಿನ ಗಾಜೂ ದೊಡ್ಡದಿರಲಿ. ಮುಂದೆ, ಗಾಜಿನ ಪಕ್ಕದ ಕಂಬ ದಪ್ಪ ಇದ್ದರೆ ಬಲ ತಿರುವಿನಲ್ಲಿ ಒಬ್ಬ ಪಾದಚಾರಿ ಪೂರ್ತಿ ಅದರ ಹಿಂದೆ ಅಡಗಿಬಿಡುತ್ತಾನೆ. ಅಪ್ಪ ಡ್ರೈವರ್ ಸೀಟಿನಲ್ಲಿ ಕೂತಿರಲಿ, ನೀವು ಆ ಕಡೆ ಸುತ್ತು ಹಾಕಿ, ಎಲ್ಲಿ ಕಾಣೆಯಾಗುತ್ತೀರಿ ಅಂತ ಅವರನ್ನೇ ಕೇಳಿ. ಎಸಿಗೆ ತಿರುಗಿಸುವ ಗುಂಡಿ ಇರಲಿ. ಫ್ಯಾನ್ ಜಾಸ್ತಿ ಮಾಡಲು ಸ್ಕ್ರೀನ್ ನೋಡಬೇಕಾದ ಕಾರು ಅವರಿಗೆ ಬೇಡ, ಮಳೆಗಾಲದಲ್ಲಿ ಗಾಜು ಮಂಜಾದಾಗ ಅದು ಕೈಗೆ ತಕ್ಷಣ ಸಿಗಬೇಕು.

ಆಟೋಮ್ಯಾಟಿಕ್ ಬಗ್ಗೆ ನಾನು ಸ್ವಲ್ಪ ಹೆದರುಪುಕ್ಕಿ. ಎಡಗಾಲಿಗೆ ಆರಾಮ, ನಿಜ. ಆದರೆ ವರ್ಷಗಟ್ಟಲೆ ಕ್ಲಚ್ ತುಳಿದವರ ಎಡಗಾಲು ಗಾಬರಿಯಲ್ಲಿ ಅಗಲವಾದ ಬ್ರೇಕ್ ಪೆಡಲನ್ನೇ ಕ್ಲಚ್ ಅಂತ ಒತ್ತಿಬಿಡುತ್ತದೆ. ಕೊಂಡರೆ ಮೊದಲು ಖಾಲಿ ಮೈದಾನದಲ್ಲಿ, ಬಲಗಾಲು ಒಂದನ್ನೇ ಬಳಸಿ ಅಭ್ಯಾಸ ಆಗಲಿ. ಕ್ಲಚ್ ಪೆಡಲ್ ಇಲ್ಲದ ಅಗ್ಗದ ಎಎಂಟಿ ಆದರೆ ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಲ್ ಹೋಲ್ಡ್ ಇದೆಯಾ ಅಂತ ಕೇಳಿ.

ನಿಮ್ಮ ಅಳತೆಗೆ ವ್ಯಾಗನ್‌ಆರ್, ಪಂಚ್, ಎಕ್ಸ್‌ಟರ್ ತರಹದ ಎತ್ತರದ ಚಿಕ್ಕ ಕಾರುಗಳಿಂದ ಶುರುಮಾಡಿ. ದೊಡ್ಡ ಎಸ್‌ಯುವಿ ನಿಮಗೆ ಬೇಕಿದ್ದರೆ ನಿಮಗೆ ಅಂತ ತಗೊಳ್ಳಿ, ಅಮ್ಮನ ಹೆಸರು ಹೇಳಬೇಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಮ್ಯಾಗ್ನೆಟ್ ಇರುವ ಆರ್ಥೋ ಕುಶನ್ ಸಿಗುತ್ತದೆ. ಸೀಟೂ ಎತ್ತರ ಆಗುತ್ತದೆ, ನೋವೂ ಹೋಗುತ್ತದೆ ಅಂತಾರೆ, ತಗೊಳ್ಳಲಾ?

ಉತ್ತರ: ಅಯಸ್ಕಾಂತ ಮಂಡಿಗೆ ಏನೂ ಮಾಡುವುದಿಲ್ಲ. ದಪ್ಪ ಮೆತ್ತನೆಯ ಕುಶನ್ ಅಂತೂ ಅಪಾಯ, ಜೋರಾಗಿ ಬ್ರೇಕ್ ಹಾಕಿದರೆ ಮೈ ಅದರ ಜೊತೆ ಮುಂದಕ್ಕೆ ಜಾರಿ ಬೆಲ್ಟು ಸೊಂಟ ಬಿಟ್ಟು ಹೊಟ್ಟೆಗೆ ಬರುತ್ತದೆ.

ಪ್ರಶ್ನೆ: ಕಣ್ಣಿನ ಪೊರೆ ಆಪರೇಷನ್ ಆಗಿದೆ, ಬಿಸಿಲಿಗೆ ಕಪ್ಪು ಫಿಲ್ಮ್ ಅಂಟಿಸಲಾ?

ಉತ್ತರ: ಬೇಡ, ಸಂಜೆ ಆರಕ್ಕೆ ಏನೂ ಕಾಣುವುದಿಲ್ಲ. ತಂಪು ಕನ್ನಡಕ ಹಾಕಿ, ಅದನ್ನು ಕತ್ತಲಾದಾಗ ತೆಗೆಯಬಹುದು.

ಪ್ರಶ್ನೆ: ನಮ್ಮೂರ ಗ್ಯಾರೇಜಿನವರು ಸೀಟನ್ನು ಹೊರಕ್ಕೆ ತಿರುಗುವ ಹಾಗೆ ಮಾಡಿಕೊಡುತ್ತಾರಂತೆ, ಕಡಿಮೆ ಖರ್ಚು. ಮಾಡಿಸಲಾ?

ಉತ್ತರ: ತಿರುಗುವ ಸೀಟು ಒಳ್ಳೆಯ ಸಲಕರಣೆ, ಪಾರ್ಶ್ವವಾಯು ಆದವರಿಗೆ ನಾನೇ ಹೇಳುತ್ತೇನೆ. ಆದರೆ ಕಾರು ಕಂಪನಿ ಒಪ್ಪಿದ, ಪರೀಕ್ಷೆ ಆದದ್ದು ಮಾತ್ರ. ಸೀಟಿನ ಕೆಳಗೆ ಬೆಲ್ಟಿನ, ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗಿನ ವೈರುಗಳೂ ಹೋಗುತ್ತವೆ, ಅಲ್ಲಿ ವೆಲ್ಡಿಂಗ್ ಮಾಡುವವನಿಗೆ ನಿಮ್ಮ ಮನೆಯವರನ್ನು ಒಪ್ಪಿಸಬೇಡಿ.